ಕೂತು ಮಾಡಿದ ವ್ಯಾಯಾಮ, ನಿಂತಾಗ ತಪ್ಪುವ ಆಯ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ತೀರ್ಥಹಳ್ಳಿ ಹತ್ತಿರದ ನಮ್ಮೂರ ಸಮುದಾಯ ಭವನದಲ್ಲಿ ಹಿರಿಯರಿಗೆ ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ವ್ಯಾಯಾಮ ನಡೆಸುತ್ತೇನೆ. 14 ಜನ, 64ರಿಂದ 83 ವರ್ಷದವರು. ಬಿದ್ದುಗಿದ್ದಾರು ಅಂತ ಎಲ್ಲವನ್ನೂ ಕುರ್ಚಿ ಮೇಲೇ ಮಾಡಿಸುತ್ತೇವೆ. ಎಂಟು ತಿಂಗಳಾಯ್ತು. ಆದರೂ ಈ ಮಳೆಗಾಲದಲ್ಲಿ ಇಬ್ಬರು ಬಿದ್ದರು. ಒಬ್ಬರು ಬಚ್ಚಲಿಂದ ಬಕೆಟ್ ಎತ್ತಿಕೊಂಡು ತಿರುಗುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡರು. ಇನ್ನೊಬ್ಬರು ಹೊಸಿಲು ಎಡವಿದರು. ಏಟಾಗಲಿಲ್ಲ, ಆದರೆ ಆಮೇಲೆ ಅಂಗಳಕ್ಕೂ ಇಳಿಯುತ್ತಿಲ್ಲ. ನಾವು ಎಲ್ಲಿ ತಪ್ಪಿದೆವು? ನಿಲ್ಲಿಸಿ ಮಾಡಿಸೋಣ ಅಂದರೆ ಕ್ಲಾಸಲ್ಲೇ ಬಿದ್ದರೆ ಏನು ಗತಿ ಅನ್ನೋ ಭಯ. ನನ್ನ ಜೊತೆ ಸಹಾಯಕ್ಕೆ ಇಬ್ಬರು ಮಾತ್ರ ಇದ್ದಾರೆ.

ಉತ್ತರ: ಎಂಟು ತಿಂಗಳು ದಂಡವಾಗಿಲ್ಲ. ಹೆಗಲು, ಕುತ್ತಿಗೆ ಸಡಿಲವಾಗಿರುತ್ತವೆ, ಮನೆಯಿಂದ ಹೊರಬರುವ ಅಭ್ಯಾಸ ಆಗಿದೆ. ಆದರೆ ಕೂತು ಮಾಡುವ ವ್ಯಾಯಾಮ ಬೀಳುವುದನ್ನು ತಡೆಯುತ್ತದೆ ಅನ್ನುವ ಭರವಸೆ ಮಾತ್ರ ಇಟ್ಟುಕೊಳ್ಳಬೇಡಿ. ನಿಮ್ಮವರು ಇಬ್ಬರೂ ಬಿದ್ದದ್ದು ಹೇಗೆ ಅಂತ ಇನ್ನೊಮ್ಮೆ ನೋಡಿ. ಒಬ್ಬರು ಭಾರ ಹೊತ್ತು ತಿರುಗುವಾಗ, ಇನ್ನೊಬ್ಬರು ಕಾಲು ಎತ್ತಿ ದಾಟುವಾಗ. ಇವೆರಡನ್ನೂ ಅವರು ಕ್ಲಾಸಿನಲ್ಲಿ ಒಂದು ಸಲವೂ ಮಾಡಿರಲಿಲ್ಲ, ಅಲ್ವಾ?

ಹಳ್ಳಕ್ಕೆ ಅಡ್ಡ ಹಾಕಿದ ಸಂಕ ದಾಟಿದವರಿಗೆ ಆಯ ಅಂದರೇನು ಅಂತ ಬೇರೆ ಹೇಳಬೇಕಿಲ್ಲ. ಮೈಯ ಭಾರ ಪಾದಗಳ ಮೇಲೇ ಇರುವ ತನಕ ನಾವು ನಿಂತಿರುತ್ತೇವೆ, ಅದು ಪಾದದಿಂದ ಆಚೆ ಹೋದ ಕೂಡಲೇ ಬೀಳಲು ಶುರು. ಹಾಗಾಗದಂತೆ ಮೈ ಮೂರು ಹಂತದಲ್ಲಿ ಕಾಯುತ್ತದೆ. ಸ್ವಲ್ಪ ವಾಲಿದರೆ ಹರಡಿನ ಸುತ್ತಲಿನ ಸ್ನಾಯುಗಳೇ ಎಳೆದು ನಿಲ್ಲಿಸುತ್ತವೆ. ಇನ್ನೂ ವಾಲಿದರೆ ಸೊಂಟ ಬಾಗಿ ಸರಿದೂಗಿಸುತ್ತದೆ. ಅದಕ್ಕೂ ಮೀರಿದರೆ ಕಾಲು ಪಟ್ಟಂತ ಒಂದು ಹೆಜ್ಜೆ ಇಡಬೇಕು. ವಯಸ್ಸಾದಂತೆ ಈ ಕೊನೆಯ ಹೆಜ್ಜೆಯೂ ಕೈಕೊಡುತ್ತದೆ. ಕಾಲು ಏಳುತ್ತದೆ, ಆದರೆ ತಡವಾಗಿ, ಗಿಡ್ಡವಾಗಿ. ಕೂತವರಲ್ಲಿ ಈ ಮೂರಕ್ಕೂ ಕೆಲಸವೇ ಇಲ್ಲ, ಕುರ್ಚಿಯ ನಾಲ್ಕು ಕಾಲು ಎಲ್ಲವನ್ನೂ ಹೊತ್ತುಕೊಂಡಿರುತ್ತವೆ.

ದಿನಾ ವಾಕಿಂಗ್ ಹೋದರೆ ಸಾಕು ಅನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ವಾಕಿಂಗ್ ಎದೆಗೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು. ಆದರೆ ಬರೀ ವಾಕಿಂಗ್‌ನಿಂದ ಬೀಳುವುದು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಆಧಾರ ಇರುವುದು ನಿಂತು ಆಯ ಹಿಡಿಯುವ ಅಭ್ಯಾಸಕ್ಕೆ, ಅದರ ಜೊತೆ ಕಾಲಿನ ಬಲಕ್ಕೆ. 2019ರಲ್ಲಿ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ, ವ್ಯಾಯಾಮದಿಂದ ಬೀಳುವ ಸಂಖ್ಯೆ ಸುಮಾರು ಕಾಲು ಭಾಗ ಇಳಿದಿತ್ತು. ನ್ಯೂಜಿಲೆಂಡಿನ ಒಟಾಗೊ ಅನ್ನುವ ಕಾರ್ಯಕ್ರಮದಲ್ಲಿ, ಹಿರಿಯರು ಮನೆಯಲ್ಲೇ ವಾರಕ್ಕೆ 3 ದಿನ ಕಾಲಿನ ಬಲ ಮತ್ತು ಆಯದ ಅಭ್ಯಾಸ ಮಾಡಿದಾಗ, ಸುಮಾರು 35 ಶೇಕಡ ಇಳಿಯಿತು. ಆಯಕ್ಕೆ ಸವಾಲು ಜಾಸ್ತಿ ಇದ್ದು, ವಾರಕ್ಕೆ ಒಟ್ಟು 3 ಗಂಟೆ ದಾಟಿದ ಕಡೆ ಫಲ ಇನ್ನೂ ಚೆನ್ನಾಗಿತ್ತು. ನಿಮ್ಮದು ಈಗ 2 ಗಂಟೆ. ಉಳಿದ ಒಂದು ಗಂಟೆಯನ್ನು ಮನೆಗೆ ಹೇಗೆ ಕಳಿಸುವುದು ಅಂತ ಆಮೇಲೆ ಹೇಳುತ್ತೇನೆ.

ಸವಾಲು ಅಂದರೆ ಏನು? ನಾನು ಕ್ಲಾಸಿನಲ್ಲಿ ನೋಡುವುದು ಅವರ ಪಾದವನ್ನು. ನಿಂತವರ ಹರಡು ಸಣ್ಣಗೆ ಅಲುಗುತ್ತಿರಬೇಕು, ಕಾಲ್ಬೆರಳು ಒಮ್ಮೊಮ್ಮೆ ನೆಲ ಹಿಡಿಯಬೇಕು. ಮೈ ತುಸು ಓಲಾಡಬೇಕು, ಆದರೆ ಪಾದ ಜಾಗ ಬಿಡಬಾರದು. ಪಕ್ಕದವರ ಜೊತೆ ಮಳೆ, ಅಡಿಕೆ ರೇಟು ಮಾತಾಡುತ್ತಾ ಕಲ್ಲಿನ ಹಾಗೆ ನಿಂತಿದ್ದಾರೆ ಅಂದರೆ ಅದು ಅವರಿಗೆ ಸುಲಭ ಆಯ್ತು, ಪ್ರಯೋಜನ ಇಲ್ಲ. ಉಸಿರು ಬಿಗಿಹಿಡಿದಿದ್ದಾರೆ, ಹೆಗಲು ಕಿವಿಗೆ ಏರಿದೆ, ಬೆಂಚನ್ನು ಬೆರಳು ಬಿಳಿಯಾಗುವಷ್ಟು ಹಿಡಿದಿದ್ದಾರೆ ಅಂದರೆ ಅದು ಜಾಸ್ತಿ ಆಯ್ತು. ಇವೆರಡರ ನಡುವಿನ ಜಾಗ ಹುಡುಕುವುದೇ ನಿಮ್ಮ ಕೆಲಸ. ಅದು 14 ಜನರಿಗೆ 14 ಕಡೆ ಇರುತ್ತದೆ.

ಅದಕ್ಕೇ ಮೊದಲ ಒಂದು ಕ್ಲಾಸನ್ನು ಅಳತೆಗೇ ಬಿಡಿ. ಎರಡು ಪರೀಕ್ಷೆ ಸಾಕು. ಬೇಕಾದದ್ದು ಒಂದು ಗಟ್ಟಿ ಕುರ್ಚಿ ಮತ್ತು ನಿಮ್ಮ ಕೈಗಡಿಯಾರ.

ಒಂದು, ನಿಲ್ಲುವ ಪರೀಕ್ಷೆ. ಕಣ್ಣು ತೆರೆದು, ಏನನ್ನೂ ಹಿಡಿಯದೆ, ಒಂದೊಂದು ನಿಲುವಿನಲ್ಲಿ 10 ಸೆಕೆಂಡು. ನೀವು ಪಕ್ಕದಲ್ಲೇ ಇರಬೇಕು. ಮೊದಲು ಎರಡು ಪಾದ ಜೋಡಿಸಿ. ಆಮೇಲೆ ಒಂದು ಪಾದವನ್ನು ಅರ್ಧ ಮುಂದೆ ಇಟ್ಟು, ಅದರ ಒಳಬದಿ ಇನ್ನೊಂದರ ಹೆಬ್ಬೆರಳಿಗೆ ತಾಗುವ ಹಾಗೆ. ಮೂರನೆಯದು ಒಂದರ ಹಿಂದೆ ಒಂದು, ಮುಂದಿನ ಹಿಮ್ಮಡಿಗೆ ಹಿಂದಿನ ಬೆರಳು ತಾಗಬೇಕು. ಇದನ್ನು ನಾನು 'ಸಂಕದ ನಿಲುವು' ಅಂತಲೇ ಕರೆಯುತ್ತೇನೆ, ನಮ್ಮ ಕಡೆಯವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕೊನೆಗೆ ಒಂಟಿ ಕಾಲು. ಎಲ್ಲಿ 10 ಸೆಕೆಂಡು ಆಗುವುದಿಲ್ಲವೋ ಅಲ್ಲಿಗೆ ನಿಲ್ಲಿಸಿ. ಸಂಕದ ನಿಲುವಿನಲ್ಲಿ 10 ಸೆಕೆಂಡು ನಿಲ್ಲಲಾರದವರಿಗೆ ಬೀಳುವ ಸಾಧ್ಯತೆ ಜಾಸ್ತಿ.

ಎರಡು, ಕುರ್ಚಿ ಪರೀಕ್ಷೆ. ಸುಮಾರು 17 ಇಂಚು ಎತ್ತರದ, ಕೈ ಇಲ್ಲದ ಕುರ್ಚಿಯ ಬೆನ್ನು ಗೋಡೆಗೆ ತಾಗಿಸಿ. ಕೈಯನ್ನು ಎದೆ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಅಂತ ಎಣಿಸಿ. 70ರಿಂದ 79ರ ಹೆಂಗಸರಿಗೆ 10ಕ್ಕಿಂತ ಕಡಿಮೆ ಆದರೆ ಕಾಲಿನ ಬಲ ಸಾಲದು. ಗಂಡಸರಿಗೆ 70ರಿಂದ 74ರ ತನಕ 12, 75ರಿಂದ 79ರ ತನಕ 11. ಕೈ ಊರಿದರೆ ಲೆಕ್ಕ ಸೊನ್ನೆ. ಬೇಜಾರಾದರೂ ಸೊನ್ನೆ ಅಂತಲೇ ಬರೆದಿಡಿ, ಮೂರು ತಿಂಗಳ ನಂತರ ಅದೇ ಅವರಿಗೆ ಖುಷಿ ಕೊಡುತ್ತದೆ.

ಇದೇ ದಿನ ಎಲ್ಲರನ್ನೂ ನಾಲ್ಕು ಪ್ರಶ್ನೆ ಕೇಳಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿರಿ? ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಾ? ಹಾಸಿಗೆಯಲ್ಲಿ ಮಗ್ಗುಲು ತಿರುಗಿದಾಗ ತಲೆ ಗಿರ್ರನೆ ತಿರುಗುತ್ತಾ? ನಿದ್ದೆ ಮಾತ್ರೆ, ಬಿಪಿ ಮಾತ್ರೆ, ಗಂಡಸರಾದರೆ ಮೂತ್ರದ ತೊಂದರೆಯ ಮಾತ್ರೆ ತಗೊಳ್ತೀರಾ? ಎರಡನೆಯದಕ್ಕೆ ಹೌದು ಅಂದವರನ್ನು ಬೆಂಚಿನ ಮೇಲೆ 5 ನಿಮಿಷ ಮಲಗಿಸಿ ಬಿಪಿ ನೋಡಿ. ನಿಲ್ಲಿಸಿ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಮೊದಲು ಡಾಕ್ಟರ ಹತ್ತಿರ ಕಳಿಸಿ. ಮಾತ್ರೆ ಹೆಚ್ಚು ಕಡಿಮೆ ಮಾಡುವುದು ಡಾಕ್ಟರ ಕೆಲಸ. ಕ್ಲಾಸಿನ ಮಾತು ಕೇಳಿ ಯಾರೂ ತಾವಾಗಿಯೇ ಮಾತ್ರೆ ಬಿಡದಂತೆ ನೋಡಿಕೊಳ್ಳಿ. ಮಗ್ಗುಲು ತಿರುಗಿದಾಗ ತಲೆ ಸುತ್ತುವುದು ಹೆಚ್ಚಿನ ಸಲ ಒಳಕಿವಿಯ ತೊಂದರೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸುವ ಚಿಕಿತ್ಸೆಗೆ ಅದು ಬಹುತೇಕ ಬಗ್ಗುತ್ತದೆ. ನಮ್ಮ ವ್ಯಾಯಾಮಕ್ಕೆ ಅದು ಬಗ್ಗುವುದಿಲ್ಲ.

ಇನ್ನು ಹಾಲ್. ಬಹಳ ಕಡೆ ನಾನು ಕಂಡ ಅಪಾಯ ವ್ಯಾಯಾಮದಲ್ಲಿ ಇರಲಿಲ್ಲ, ಸಾಮಾನಿನಲ್ಲಿ ಇತ್ತು. ಮದುವೆ ಮನೆಗೆ ತಂದಂಥ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಲ್ಲಿ ನಿಲ್ಲಿಸಬೇಡಿ. ಅದು ಹಗುರ, ಮೈ ವಾಲಿದರೆ ಅದೂ ಜೊತೆಗೇ ಬರುತ್ತದೆ. ಹಿಡಿಯಲು ಬೇಕಾದದ್ದು ಅಲುಗದ ವಸ್ತು. ಭಾರದ ಮರದ ಬೆಂಚು, ಹಳೆ ಶಾಲೆ ಡೆಸ್ಕು, ವೇದಿಕೆಯ ಅಂಚು ಸರಿಯಾದ ಎತ್ತರಕ್ಕಿದ್ದರೆ ಅದು, ಕಿಟಕಿಯ ಸರಳು. ನೆಲಕ್ಕೆ ಜಮಖಾನ ಹಾಸುವ ಅಭ್ಯಾಸ ಇದ್ದರೆ ತೆಗೆದುಬಿಡಿ, ಅದರ ಮಡಿಕೆ ಮತ್ತು ಅಂಚು ಎಡವಲಿಕ್ಕೇ ಇದ್ದಂತೆ. ರೆಡ್ ಆಕ್ಸೈಡ್ ನೆಲ ಒಣಗಿದ್ದರೆ ಬರಿಗಾಲು ಒಳ್ಳೆಯದು, ಪಾದಕ್ಕೆ ನೆಲ ಗೊತ್ತಾಗುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ನೆಲ ತಾನಾಗಿಯೇ ಬೆವರುತ್ತದೆ. ಕೊಡೆಗಳನ್ನು ಹಾಲಿನ ಒಳಗೆ ತರಿಸಬೇಡಿ. ಬಾಗಿಲಲ್ಲಿ ಗೋಣಿಚೀಲ ಹಾಕಿದರೆ ಅದು ಜರುಗದ ಹಾಗೆ ನೋಡಿ, ಶುರು ಮಾಡುವ ಮುಂಚೆ ಒಣ ಬಟ್ಟೆಯಲ್ಲಿ ಒಂದು ಸಲ ನೆಲ ಒರೆಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬರಿಗಾಲು ಬೇಡ. ಅವರಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಯಾರಿಗೂ ಬೇಡ, ಸಾಕ್ಸ್ ಹಾಕಿ ಬರಿನೆಲದ ಮೇಲೆ ನಿಲ್ಲುವುದಂತೂ ಬೇಡವೇ ಬೇಡ.

ಹಾಲಿನಲ್ಲಿ ಅತಿ ಭದ್ರವಾದ ಜಾಗ ಅಂದರೆ ಮೂಲೆ. ಬೆನ್ನು ಮೂಲೆಗೆ ಮಾಡಿ ನಿಂತರೆ ಹಿಂದೆ ಎರಡು ಗೋಡೆ, ಮುಂದೆ ಒಂದು ಬೆಂಚು. ಎತ್ತ ವಾಲಿದರೂ ಏನೋ ಒಂದು ತಡೆಯುತ್ತದೆ. ತೀರಾ ಅಂಜುವವರನ್ನು ಅಲ್ಲಿಂದ ಶುರು ಮಾಡಿಸಿ.

ನಿಮ್ಮ ನಿಜವಾದ ಪ್ರಶ್ನೆ ಮೂರು ಜನ ಸೇರಿ 14 ಜನರನ್ನು ನಿಲ್ಲಿಸುವುದು ಹೇಗೆ ಅನ್ನುವುದು. ನಿಲ್ಲಿಸಬೇಡಿ. ಒಮ್ಮೆಗೆ ಏಳು ಜನರನ್ನು ಮಾತ್ರ ನಿಲ್ಲಿಸಿ. ಉಳಿದ ಏಳು ಜನ ಕೂತು, ನೀವು ಎಂಟು ತಿಂಗಳಿಂದ ಕಲಿಸಿದ ಅದೇ ಕುರ್ಚಿ ವ್ಯಾಯಾಮ ಮಾಡಲಿ, ಅವರಿಗೆ ಅದು ಬಾಯಿಪಾಠ ಆಗಿರುತ್ತದೆ. ಕಾಲು ಗಂಟೆಗೆ ಅದಲು ಬದಲು. ನಿಂತ ಏಳರಲ್ಲಿ ತೀರಾ ಆಯ ಇಲ್ಲದವರು ಇಬ್ಬರಿಗಿಂತ ಜಾಸ್ತಿ ಇರದ ಹಾಗೆ ಗುಂಪು ಮಾಡಿಕೊಳ್ಳಿ. ಅವರ ಪಕ್ಕ ಒಬ್ಬೊಬ್ಬರು ಸಹಾಯಕರು ನಿಲ್ಲಲಿ, ನೀವು ಉಳಿದವರನ್ನು ನೋಡಿ. ಸಹಾಯಕರು ನಿಲ್ಲಬೇಕಾದದ್ದು ಮುಂದೆ ಅಲ್ಲ, ಪಕ್ಕಕ್ಕೆ ತುಸು ಹಿಂದೆ, ಒಂದು ಕೈ ಅವರ ಸೊಂಟದ ಹತ್ತಿರ ಇರಬೇಕು, ಆದರೆ ಮುಟ್ಟಿರಬಾರದು. ಕೈ ಹಿಡಿದು ಎಳೆಯುವುದು ಸಲ್ಲದು. ಬೀಳುವವರ ಕೈ ಎಳೆದರೆ ಹೆಗಲು ಉಳುಕುತ್ತದೆ, ಆಮೇಲೆ ಇಬ್ಬರೂ ಕೆಳಗೆ.

ಒಂದು ಗಂಟೆ ಹೀಗೆ ಹೋಗಲಿ. ಮೊದಲ 10 ನಿಮಿಷ ಎಲ್ಲರೂ ಕೂತು ಹರಡು, ಮಂಡಿ, ಹೆಗಲು ಆಡಿಸಿ ಮೈ ಬಿಸಿ ಮಾಡುವುದು. ಆಮೇಲೆ 10 ನಿಮಿಷ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಎದ್ದು ಕೂರುವುದು, 5ರಿಂದ 10 ಸಲದ ಎರಡು ಸುತ್ತು, ನಡುವೆ ವಿಶ್ರಾಂತಿ. ಕೂರುವಾಗ ಧೊಪ್ಪಂತ ಬೀಳಬಾರದು, ಮೂರು ಎಣಿಸುತ್ತಾ ಇಳಿಯಬೇಕು. ತೊಡೆಗೆ ಬಲ ಬರುವುದು ಏಳುವುದರಲ್ಲಿ ಮಾತ್ರ ಅಲ್ಲ, ಆ ಇಳಿಯುವುದರಲ್ಲೂ. ನಂತರ 15 ಮತ್ತು 15 ನಿಮಿಷದ ಅದಲು ಬದಲು. ಕೊನೆಗೆ ಸುಮಾರು 8 ನಿಮಿಷ ಗೋಡೆ ಪಕ್ಕ ನಡಿಗೆ, ಆಮೇಲೆ ಕೂತು ಉಸಿರು ಸರಿಮಾಡಿಕೊಳ್ಳುವುದು.

ಆ 15 ನಿಮಿಷದಲ್ಲಿ ಹೊಸ ಹೊಸ ವ್ಯಾಯಾಮದ ರಾಶಿ ಬೇಡ. ಬೆಂಚಿನ ಎದುರು ಹಿಮ್ಮಡಿ ಎತ್ತಿ ಇಳಿಸುವುದು 10 ಸಲ. ಹಿಮ್ಮಡಿ ಊರಿ ಪಾದದ ಮುಂಭಾಗ ಎತ್ತುವುದು 10 ಸಲ. ಎರಡನೆಯದನ್ನು ಬಿಡಬೇಡಿ, ಹೊಸಿಲು ಎಡವಿದವರಿಗೆ ಬೇಕಾದದ್ದು ಅದೇ, ಬೆರಳ ತುದಿ ಏಳದೆ ಇರುವುದರಿಂದಲೇ ಎಡವುವುದು ಜಾಸ್ತಿ. ಆಮೇಲೆ ನಿಲುವು. ಪರೀಕ್ಷೆಯಲ್ಲಿ ಎಲ್ಲಿ ತಪ್ಪಿದರೋ ಅದೇ ನಿಲುವನ್ನು 10ರಿಂದ 30 ಸೆಕೆಂಡು, ಮೂರು ಸಲ. ಕೊನೆಗೆ 'ಹೆಜ್ಜೆ ಕೂಗು'. ನೀವು ಮುಂದೆ, ಎಡ, ಹಿಂದೆ, ಬಲ ಅಂತ ಕ್ರಮ ಇಲ್ಲದೆ ಕೂಗುವುದು, ಅವರು ಬೇಗ ಒಂದು ಹೆಜ್ಜೆ ಇಟ್ಟು ವಾಪಸ್ ಬರುವುದು. ಆ ಕೊನೆಯ ಹೆಜ್ಜೆ ಚುರುಕಾಗುವುದು ಇದರಿಂದ. ಕೆಲವರು ಹಿಂದಿನಿಂದ ಮೆಲ್ಲಗೆ ತಳ್ಳಿ ಅಭ್ಯಾಸ ಮಾಡಿಸುತ್ತಾರೆ. ಆಸ್ಪತ್ರೆಯಲ್ಲಿ, ಬೀಳದ ಹಾಗೆ ಮೈಗೆ ಪಟ್ಟಿ ಕಟ್ಟಿ ಮಾಡುವ ಕೆಲಸ ಅದು, ಸಮುದಾಯ ಭವನದಲ್ಲಿ ಬೇಡ.

ಎಲ್ಲರಿಗೂ ಒಂದೇ ವ್ಯಾಯಾಮ, ಬೇರೆ ಆಗುವುದು ಪಾದದ ನಿಲುವು ಮತ್ತು ಕೈಯ ಆಸರೆ ಮಾತ್ರ. ಅರ್ಧ ಹೆಜ್ಜೆಯ ನಿಲುವಿನಲ್ಲೂ 10 ಸೆಕೆಂಡು ನಿಲ್ಲಲಾಗದವರು ಎರಡೂ ಕೈ ಬೆಂಚಿನ ಮೇಲೆ ಇಡಲಿ. ಅದು ಆಗಿ ಸಂಕದ ನಿಲುವು ಆಗದವರು ಒಂದು ಕೈ. ಸಂಕದ ನಿಲುವೂ ಆಗುವವರು ಬೆರಳ ತುದಿ, ಆಮೇಲೆ ಅದೂ ಬೇಡ. ಹೀಗೆ ಮಾಡಿದರೆ 'ಅವರು ಬುದ್ಧಿವಂತರ ಗುಂಪು, ನಾನು ದಡ್ಡರ ಗುಂಪು' ಅನ್ನುವ ಬೇಸರ ಬರುವುದಿಲ್ಲ. ನೀವು ಶಿಕ್ಷಕಿ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮುಂದಿನ ಹಂತಕ್ಕೆ ಹೋಗುವಾಗ ಒಂದು ನಿಯಮ: ಒಮ್ಮೆಗೆ ಒಂದನ್ನೇ ಬದಲಾಯಿಸಿ. ಕೈ ಬಿಡಿಸಿದರೆ ಪಾದ ಹಾಗೇ ಇರಲಿ. ಪಾದ ಕಿರಿದು ಮಾಡಿದರೆ ಕೈ ವಾಪಸ್ ಇಡಿಸಿ. ಈ ನಿಯಮವನ್ನು ನಾನು ತಪ್ಪು ಮಾಡಿಯೇ ಕಲಿತದ್ದು.

ಶಿವಮೊಗ್ಗದಲ್ಲಿ ನಾನು ನಡೆಸುತ್ತಿದ್ದ ಒಂದು ಗುಂಪಿಗೆ 76 ವರ್ಷದ ಒಬ್ಬರು ಅಜ್ಜಿ ಬರುತ್ತಿದ್ದರು. ಹೊಸನಗರದ ಕಡೆಯವರು, ಮಗನ ಮನೆಗೆ ಬಂದು ಇದ್ದವರು. ವರ್ಷದಲ್ಲಿ ಎರಡು ಸಲ ಬಿದ್ದಿದ್ದರು. ಕುರ್ಚಿ ಪರೀಕ್ಷೆಯಲ್ಲಿ ಕೈ ಊರದೆ ಒಂದು ಸಲವೂ ಏಳಲಾಗಲಿಲ್ಲ. ಅರ್ಧ ಹೆಜ್ಜೆಯ ನಿಲುವು 10 ಸೆಕೆಂಡು ಆಯ್ತು, ಸಂಕದ ನಿಲುವು ಮೂರೇ ಸೆಕೆಂಡು. 'ಮದುವೆಗೆ ಮುಂಚೆ ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಸಂಕ ದಾಟ್ತಿದ್ದೆ ಮಾರಾಯ್ತಿ, ಈಗ ನೋಡು' ಅಂತ ನಕ್ಕರು. ಕುರ್ಚಿಯ ಮೇಲೆ ಮಡಚಿದ ಕಂಬಳಿ ಇಟ್ಟು ಎತ್ತರ ಮಾಡಿದೆ. ಆಗ ಕೈ ಇಲ್ಲದೆ ಆರು ಸಲ ಎದ್ದರು. ಶುರು ಮಾಡಲು ಅಷ್ಟು ಸಾಕಾಗಿತ್ತು. ಎರಡು ವಾರಕ್ಕೊಮ್ಮೆ ಕಂಬಳಿಯ ಒಂದು ಮಡಿಕೆ ಬಿಚ್ಚುತ್ತಾ ಹೋದೆ.

ನಿಲುವಿನಲ್ಲಿ ನಾಲ್ಕು ವಾರ ಒಂದು ಕೈ ಊರಿ ಮಾಡಿದರು. ಚೆನ್ನಾಗಿ ಆಗುತ್ತಿತ್ತು. ಐದನೇ ವಾರ ನನಗೆ ಅವಸರ. ಕೈ ಬಿಡಿಸಿದ್ದಲ್ಲದೆ, ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಅಂತಲೂ ಹೇಳಿಬಿಟ್ಟೆ. ತಲೆ ತಿರುಗಿದಾಗ ಕಣ್ಣಿಗೂ ಒಳಕಿವಿಗೂ ಒಟ್ಟಿಗೇ ಕೆಲಸ ಬೀಳುತ್ತದೆ, ಅದು ಸಣ್ಣ ಬದಲಾವಣೆ ಅಲ್ಲ. ಅವರು ತೂರಾಡಿ ಪಕ್ಕದವರ ಸೆರಗು ಹಿಡಿದರು. ಇಬ್ಬರೂ ಗೋಡೆಗೆ ಒರಗಿ ಉಳಿದುಕೊಂಡರು. ಮುಂದಿನ ಎರಡು ಕ್ಲಾಸಿಗೆ ಅಜ್ಜಿ ಬರಲಿಲ್ಲ. ಮನೆಗೆ ಹೋಗಿ, ತಪ್ಪು ನನ್ನದು ಅಂತ ಹೇಳಿ ಕರೆತಂದೆ. ಎರಡೂ ಕೈಯಿಂದ ಮತ್ತೆ ಶುರು ಮಾಡಿದೆವು. 12 ವಾರಕ್ಕೆ ಕಂಬಳಿ ಇಲ್ಲದ ಕುರ್ಚಿಯಿಂದ 9 ಸಲ ಎದ್ದರು, ಸಂಕದ ನಿಲುವು 11 ಸೆಕೆಂಡು ಬಂತು. 9 ಅನ್ನುವುದು ಅವರ ವಯಸ್ಸಿಗೆ ಇನ್ನೂ ಒಂದು ಕಡಿಮೆ. ಆದರೆ ಸೊನ್ನೆಯಿಂದ ಅಲ್ಲಿಗೆ ಬಂದಿದ್ದರು.

ನಡಿಗೆಯ ಭಾಗಕ್ಕೆ ನಿಮ್ಮೂರಿನ ಮನೆಗಳನ್ನೇ ಹಾಲಿಗೆ ತನ್ನಿ. ಹೊಸಿಲು ದಾಟುವುದಕ್ಕೆ ನೆಲದ ಮೇಲೆ ಒಂದು ಬಿದಿರು ಕೋಲು ಸಾಕು, ಆಮೇಲೆ ಎರಡು ಪುಸ್ತಕದ ಮೇಲೆ ಇಟ್ಟು ಎತ್ತರಿಸಿ. ಅದನ್ನು ಕಟ್ಟಬೇಡಿ, ಕಾಲು ತಾಗಿದರೆ ಉರುಳಿ ಹೋಗಬೇಕು. ದಣಪೆ ದಾಟಿ ಅಭ್ಯಾಸ ಇರುವವರಿಗೆ ಇದು ಆಟದ ಹಾಗೆ. ಗೋಡೆ ಪಕ್ಕ ಅಡ್ಡಡ್ಡ ನಡೆಯುವುದು 10 ಹೆಜ್ಜೆ, ವಾಪಸ್ 10. ಎರಡು ಕುರ್ಚಿಯ ಸುತ್ತ ಎಂಟರ ಆಕಾರದಲ್ಲಿ ನಡೆಯುವುದು. ಬಚ್ಚಲಲ್ಲಿ ಬಿದ್ದವರಿಗೆ ಬೇಕಾದದ್ದು ಈ ತಿರುಗುವಿಕೆ. ಒಂದೇ ಪಾದದ ಮೇಲೆ ಗಿರ್ರಂತ ತಿರುಗದೆ, ಸಣ್ಣ ಸಣ್ಣ ನಾಲ್ಕು ಹೆಜ್ಜೆಯಲ್ಲಿ ತಿರುಗಲು ಕಲಿಸಿ. ಎರಡು ತಿಂಗಳ ನಂತರ ಕೈಗೆ ಅರ್ಧ ಚೊಂಬು ನೀರು ಕೊಟ್ಟು ಅದನ್ನೇ ಮಾಡಿಸಿ. ಗಮನ ನೀರಿನ ಮೇಲೆ ಹೋದಾಗ ಕಾಲು ಏನು ಮಾಡುತ್ತದೆ ಅಂತ ಗೊತ್ತಾಗುತ್ತದೆ. ನೀರು ಚೆಲ್ಲಿದರೆ ಕೂಡಲೇ ಒರೆಸಲು ಒಬ್ಬರು ಇರಬೇಕು, ಇಲ್ಲದಿದ್ದರೆ ಚೊಂಬಿಗೆ ಅಕ್ಕಿ ಹಾಕಿ.

ಕಣ್ಣು ಮುಚ್ಚಿ ನಿಲ್ಲಿಸುವುದನ್ನು ಗುಂಪಿನಲ್ಲಿ ನಾನು ಮಾಡಿಸುವುದೇ ಅಪರೂಪ. ಮಾಡಿಸಿದರೂ ಮೂಲೆಯಲ್ಲಿ, ಒಬ್ಬೊಬ್ಬರನ್ನೇ. ಆದರೆ ಪಾದ ಜೋಮು ಹಿಡಿದವರಿಗೆ ಒಂದು ಮಾತು ತಿಳಿಸಿ. ಅವರ ಪಾದ ನೆಲದ ಸುದ್ದಿ ಸರಿಯಾಗಿ ಕೊಡುವುದಿಲ್ಲ, ಆ ಕೊರತೆಯನ್ನು ಕಣ್ಣು ತುಂಬುತ್ತಿರುತ್ತದೆ. ಮಳೆಗಾಲದ ರಾತ್ರಿ ಕರೆಂಟು ಹೋದಾಗ ಅವರು ಎದ್ದರೆ ಎರಡೂ ಇಲ್ಲ. ವ್ಯಾಯಾಮಕ್ಕಿಂತ ದಿಂಬಿನ ಪಕ್ಕದ ಟಾರ್ಚು ಅವರಿಗೆ ಮುಖ್ಯ.

ಮನೆಗೆ ಕಳಿಸುವ ಪಾಠ ದಿನಕ್ಕೆ 10 ನಿಮಿಷ. ವಾರಕ್ಕೆ 70 ನಿಮಿಷ ಆಯ್ತು, ನಿಮ್ಮ 2 ಗಂಟೆ ಸೇರಿದರೆ 3 ಗಂಟೆ ದಾಟುತ್ತದೆ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಪಾದದ ಮುಂಭಾಗ ಎತ್ತುವುದು, ಕ್ಲಾಸಿನಲ್ಲಿ ಆಗಲೇ ಸುಲಭವಾಗಿರುವ ಒಂದು ನಿಲುವು. ಹೊಸದನ್ನು ಮನೆಗೆ ಕಳಿಸಬೇಡಿ. ಬೆಳಗ್ಗೆ ಕಾಫಿಗೆ ಹಾಲು ಕಾಯಿಸಲು ಇಟ್ಟಾಗ ಮಾಡಿ ಅಂದರೆ ಮರೆಯುವುದಿಲ್ಲ. ಹಾಲು ಉಕ್ಕಿಸಿದ ದೂರು ನನಗೆ ಒಂದೆರಡು ಬಂದಿದೆ, ಅದು ಬೇರೆ ವಿಷಯ.

ಇನ್ನು ನಿಮ್ಮ ಭಯ. ನಿಂತು ಮಾಡುವ ಕ್ಲಾಸಿನಲ್ಲಿ ಯಾರೂ ಬೀಳುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆಯಕ್ಕೆ ಸವಾಲು ಕೊಟ್ಟ ಕಡೆ ಅಪಾಯ ಸೊನ್ನೆ ಆಗುವುದಿಲ್ಲ. ಕೂತೇ ಮುಂದುವರಿಸಿದರೆ ಕ್ಲಾಸಿನಲ್ಲಿ ಬೀಳುವುದಿಲ್ಲ, ಬಚ್ಚಲಲ್ಲಿ ಬೀಳುತ್ತಾರೆ. ನಾಳೆಯಿಂದಲೇ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದರೆ ಮೊದಲ ತಿಂಗಳಲ್ಲೇ ಒಬ್ಬರು ಬಿದ್ದು ಕ್ಲಾಸು ಮುಚ್ಚಬಹುದು. ಅರ್ಧ ಅರ್ಧ ಗುಂಪು, ಅಲುಗದ ಬೆಂಚು, ಒಮ್ಮೆಗೆ ಒಂದೇ ಬದಲಾವಣೆ ಇದ್ದರೆ ನನಗೆ ಧೈರ್ಯ ಇದೆ. ಪ್ರತಿಯೊಬ್ಬರ ಮನೆಯವರಿಗೂ ಹೀಗೆ ಬದಲಾಯಿಸುತ್ತಿದ್ದೇವೆ ಅಂತ ಮೊದಲೇ ತಿಳಿಸಿ, ಒಪ್ಪಿಗೆಯನ್ನು ಬರೆಸಿಕೊಳ್ಳಿ. ಮನೆಯವರ ಫೋನ್ ನಂಬರ್ ಗೋಡೆಗೆ ಅಂಟಿಸಿ, ಅದರ ಕೆಳಗೆ 108. ಎದೆನೋವು, ಏದುಸಿರು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ತೊಡೆಯಲ್ಲಿ ಎರಡು ದಿನ ನೋವು ಇರುವುದು ಸಹಜ, ಒಂದು ಕೀಲು ಊದಿಕೊಂಡರೆ ಸಹಜ ಅಲ್ಲ.

ಅಂಗಳಕ್ಕೆ ಇಳಿಯದವರ ಬಗ್ಗೆ ನನಗೆ ಮುರಿದ ಕೈಯವರಿಗಿಂತ ಜಾಸ್ತಿ ಚಿಂತೆ. ಹೆದರಿ ಓಡಾಟ ಬಿಟ್ಟರೆ ಕಾಲಿನ ಬಲ ಇಳಿಯುತ್ತದೆ, ಬಲ ಇಳಿದರೆ ಬೀಳುವುದು ಹೆಚ್ಚುತ್ತದೆ. 'ಹೆದರಬೇಡಿ' ಅಂದರೆ ಹೆದರಿಕೆ ಹೋಗುವುದಿಲ್ಲ. ಬಿದ್ದರೆ ಏಳಲು ಬರುತ್ತದೆ ಅಂತ ಗೊತ್ತಾದಾಗ ಅರ್ಧ ಹೋಗುತ್ತದೆ. ಬಿದ್ದು ಎರಡು ಮೂರು ಗಂಟೆ ನೆಲದಲ್ಲೇ ಇದ್ದವರನ್ನು ನಾನು ನೋಡಿದ್ದೇನೆ. ಮೂಳೆ ಮುರಿದಿರಲಿಲ್ಲ, ಏಳುವುದು ಹೇಗೆ ಅಂತ ಗೊತ್ತಿರಲಿಲ್ಲ ಅಷ್ಟೇ. ಎರಡನೇ ತಿಂಗಳಿಂದ, ಚಾಪೆ ಮೇಲೆ, ಒಬ್ಬೊಬ್ಬರಿಗೇ ಕಲಿಸಿ. ಬಿದ್ದ ಕೂಡಲೇ ಏಳಬಾರದು, ಕೈಕಾಲು ಆಡಿಸಿ ನೋವು ಎಲ್ಲಿದೆ ನೋಡಿಕೊಳ್ಳಬೇಕು. ಒಂದು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬರಬೇಕು. ತೆವಳಿ ಬೆಂಚಿನ ಹತ್ತಿರ ಹೋಗಿ ಎರಡೂ ಕೈ ಅದರ ಮೇಲೆ ಇಡಬೇಕು. ಬಲ ಇರುವ ಕಾಲಿನ ಪಾದ ಮುಂದೆ ಊರಿ, ಕೈ ಒತ್ತಿ ಎದ್ದು, ತಿರುಗಿ ಕೂರಬೇಕು.

ಕಲಿಸುವಾಗ ಹಿಂದುಮುಂದಾಗಿ ಕಲಿಸಿ. ಮೊದಲ ವಾರ ಬೆಂಚು ಹಿಡಿದು ಒಂದು ಮಂಡಿ ದಿಂಬಿನ ಮೇಲೆ ಊರಿ ಏಳುವುದು ಮಾತ್ರ. ಅದು ಬಂದ ಮೇಲೆ ಅಂಬೆಗಾಲು, ಕೊನೆಗೆ ಮಲಗುವುದು. ಹೀಗಾದರೆ ಯಾವ ಹಂತದಲ್ಲೂ ನೆಲದಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮಂಡಿ ಬದಲಿ ಆಪರೇಷನ್ ಆಗಿ ಮಂಡಿ ಊರಲಾಗದವರಿಗೆ ಕುಂಡೆ ಮೇಲೆ ಹಿಂದಕ್ಕೆ ಸರಿಯುತ್ತಾ ಜಗಲಿ ಮೆಟ್ಟಿಲ ತನಕ ಹೋಗಿ, ಒಂದೊಂದೇ ಮೆಟ್ಟಿಲು ಮೇಲೆ ಕೂರುವುದನ್ನು ತೋರಿಸಿ. ಸೊಂಟದ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಇದನ್ನು ಮಾಡುವುದು ಬೇಡ.

ಕ್ಲಾಸು ಎಷ್ಟೇ ಚೆನ್ನಾಗಿ ನಡೆದರೂ ಅಂಗಳದ ಹಾವಸೆ ಅದರಿಂದ ಹೋಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಬಚ್ಚಲಿನ ದಾರಿಯನ್ನು ಗಟ್ಟಿ ಪೊರಕೆಯಲ್ಲಿ ಉಜ್ಜಿಸುವುದು, ಅಡಿಕೆ ದಬ್ಬೆ ಜೋಡಿಸಿ ಒಂದು ಕೈಹಿಡಿ ಕಟ್ಟುವುದು ಮನೆಯವರು ಮಾಡಬೇಕಾದ ಕೆಲಸ. ಕಣ್ಣಿನ ಪೊರೆ ಇದ್ದವರು ಆಪರೇಷನ್ ಮುಂದೂಡಬಾರದು. ಒಂದೇ ಗಾಜಿನಲ್ಲಿ ದೂರ ಹತ್ತಿರ ಎರಡೂ ಇರುವ ಕನ್ನಡಕದಲ್ಲಿ ಮೆಟ್ಟಿಲು ಇಳಿಯುವಾಗ ಪಾದದ ಹತ್ತಿರ ಮಸುಕಾಗಿ ಕಾಣುತ್ತದೆ, ತಲೆ ಬಗ್ಗಿಸಿ ಮೇಲಿನ ಭಾಗದಿಂದ ನೋಡಲು ಹೇಳಿ.

ಮಣಿಕಟ್ಟು ಮುರಿದವರ ವಿಷಯ ಕೊನೆಗೆ ಇಟ್ಟುಕೊಂಡೆ. ಅದನ್ನು ಬರೀ ಕೈ ಮುರಿತ ಅಂತ ಮುಗಿಸಬೇಡಿ. ನಿಂತ ಎತ್ತರದಿಂದ ಬಿದ್ದು ಆ ವಯಸ್ಸಿನಲ್ಲಿ ಮೂಳೆ ಮುರಿದರೆ ಮೂಳೆ ಸವೆದಿರಬಹುದು. ಪ್ಲಾಸ್ಟರ್ ಬಿಚ್ಚಿಸಲು ಹೋದಾಗ 'ಮೂಳೆ ಸಾಂದ್ರತೆ ಪರೀಕ್ಷೆ ಬೇಕಾ' ಅಂತ ಡಾಕ್ಟರನ್ನು ಅವರೇ ಕೇಳಬೇಕು. ಅದು ಗೊತ್ತಾಗುವ ತನಕ ಅವರಿಗೆ ಸೊಂಟದಿಂದ ಪೂರ್ತಿ ಮುಂದೆ ಬಾಗಿ ಪಾದ ಮುಟ್ಟುವುದು, ಬಾಗಿ ತಿರುಚುವುದು ಮಾಡಿಸಬೇಡಿ. ಮೂಳೆ ಸವೆದಿದ್ದರೆ ಬೆನ್ನುಮೂಳೆ ಕುಸಿಯುವ ಅಪಾಯ ಇದೆ. ಪ್ಲಾಸ್ಟರ್ ಇದ್ದಾಗಲೂ, ಡಾಕ್ಟರು ಒಪ್ಪಿದರೆ, ಅವರು ಕ್ಲಾಸಿಗೆ ಬರಬಹುದು. ಆ ಕೈ ಊರದೆ ಕುರ್ಚಿಯಿಂದ ಏಳಲಿ, ಒಳ್ಳೆಯ ಕೈಯನ್ನು ಬೆಂಚಿನ ಮೇಲಿಟ್ಟು ನಿಲ್ಲಲಿ. ಪ್ಲಾಸ್ಟರಿನ ಭಾರಕ್ಕೆ ಮೈ ಒಂದು ಕಡೆಗೆ ವಾಲುತ್ತದೆ. ಅದಕ್ಕೆ ಮೊದಲ ಎರಡು ವಾರ ಮೂಲೆಯ ಜಾಗ ಅವರಿಗೇ ಇರಲಿ.